ಜನರನ್ನು ಕರೆದವರು ಯಾರು? ನೂಕುನುಗ್ಗಲಿನ ಗಾಯಕ್ಕೆ ಆಯೋಜಕರ ಹೊಣೆ

(ದೇವಸ್ಥಾನ ಸಮಿತಿಗಳು, ಗಣೇಶೋತ್ಸವ ಮಂಡಳಿಗಳು ಮತ್ತು ಸಂಗೀತ ಕಾರ್ಯಕ್ರಮ ನಡೆಸುವ ಯುವಕ ಸಂಘದವರ ಮುಂದೆ ವಕೀಲರೊಬ್ಬರು ಆಡಿದ ಮಾತಿನ ಬರಹ ರೂಪ)

ಇಲ್ಲಿ ಕೂತಿರುವವರಲ್ಲಿ ಬಹಳಷ್ಟು ಜನ ವರ್ಷಕ್ಕೊಮ್ಮೆಯಾದರೂ ಪೊಲೀಸ್ ಠಾಣೆಗೆ ಹೋಗಿ ಅರ್ಜಿಗೆ ಸಹಿ ಹಾಕಿದವರು. ರಥೋತ್ಸವ, ಆರ್ಕೆಸ್ಟ್ರಾ, ಗಣಪತಿ ವಿಸರ್ಜನೆ, ಯಾವುದೋ ಒಂದಕ್ಕೆ. ಆ ಅರ್ಜಿಯ ಕೆಳಗೆ ಒಂದು ಸಾಲು ಇರುತ್ತದೆ: ಅಹಿತಕರ ಘಟನೆ ನಡೆದರೆ ನಾವೇ ಜವಾಬ್ದಾರರು. ಆ ಸಾಲನ್ನು ಯಾರೂ ಓದುವುದಿಲ್ಲ. ಇವತ್ತು ಅದರ ಬಗ್ಗೆಯೇ ಮಾತಾಡೋಣ. ನೂಕುನುಗ್ಗಲಿನಲ್ಲಿ ಒಬ್ಬರ ಪಕ್ಕೆಲುಬು ಮುರಿದರೆ, ಕಾಲು ಊನವಾದರೆ, ದುಡ್ಡು ಕೊಡಬೇಕಾದವರು ಯಾರು, ಎಷ್ಟು, ಯಾಕೆ?

ಇಂಥ ಕೇಸುಗಳಲ್ಲಿ ಆಯೋಜಕರ ಕಡೆಯಿಂದ ಹೆಚ್ಚುಕಮ್ಮಿ ಇದೇ ಮೂರು ಮಾತು ಬರುತ್ತವೆ. ‘ಶಾಮಿಯಾನ, ಬ್ಯಾರಿಕೇಡ್ ಎಲ್ಲ ಗುತ್ತಿಗೆದಾರನಿಗೆ ಒಪ್ಪಿಸಿದ್ವಿ, ತಪ್ಪು ಅವನದು.’ ‘ಪೊಲೀಸರಿಗೆ ತಿಳಿಸಿದ್ವಿ, ಜನರನ್ನು ನೋಡಿಕೊಳ್ಳುವುದು ಅವರ ಕೆಲಸ.’ ‘ಜನ ಅಷ್ಟು ಬರುತ್ತಾರೆ ಅಂತ ಯಾರಿಗೆ ಗೊತ್ತಿತ್ತು?’ ಈ ಮೂರಕ್ಕೂ ಉತ್ತರ ಹುಡುಕಲು ನೆರವಾಗುವ ಸುಪ್ರೀಂ ಕೋರ್ಟ್ ತೀರ್ಪು ಒಂದಿದೆ. ಅದು ಮೀರತ್‌ನದು.

2006ರ ಏಪ್ರಿಲ್ 10. ಉತ್ತರ ಪ್ರದೇಶದ ಮೀರತ್‌ನ ವಿಕ್ಟೋರಿಯಾ ಪಾರ್ಕ್‌ನಲ್ಲಿ ಗೃಹಬಳಕೆ ವಸ್ತುಗಳ ದೊಡ್ಡ ಪ್ರದರ್ಶನ. ಅದು ಕೊನೆಯ ದಿನ. ಮೈದಾನದಲ್ಲಿ ಸಿಂಥೆಟಿಕ್ ಬಟ್ಟೆಯ ದೊಡ್ಡ ಪೆಂಡಾಲು ಹಾಕಿದ್ದರು. ಸಂಜೆ ಬೆಂಕಿ ಹತ್ತಿತು. ಒಳಗಿದ್ದವರು ಹೊರಗೆ ಬರಲಾಗದೆ 65 ಜನ ಸತ್ತರು, 160ಕ್ಕೂ ಹೆಚ್ಚು ಜನ ಸುಟ್ಟ ಗಾಯಗಳಿಂದ ಬಳಲಿದರು. ಅಲ್ಲಿ ಮೊದಲು ಆಗಿದ್ದು ಬೆಂಕಿ, ನಿಜ. ಆದರೆ ಕೋರ್ಟು ಕೇಳಿದ ಪ್ರಶ್ನೆ ನಮ್ಮ ಜಾತ್ರೆಗೂ ಅಷ್ಟೇ ಸಲ್ಲುತ್ತದೆ. ಒಂದು ಜಾಗಕ್ಕೆ ಸಾವಿರಾರು ಜನರನ್ನು ಕರೆದವರು ಆ ಜನರಿಗೆ ಏನು ಬಾಕಿ ಇದ್ದಾರೆ?

ಗಾಯಗೊಂಡವರು ಮತ್ತು ಸತ್ತವರ ಮನೆಯವರು ನೇರವಾಗಿ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹಾಕಿದರು. ಕೋರ್ಟು ನಿವೃತ್ತ ನ್ಯಾಯಮೂರ್ತಿ ಎಸ್.ಬಿ. ಸಿನ್ಹಾ ಅವರ ಏಕಸದಸ್ಯ ಆಯೋಗ ನೇಮಿಸಿತು. ಆಯೋಗ ಹೊಣೆಯನ್ನು ಹಂಚಿತು: ಆಯೋಜಕರಿಗೆ 60 ಪಾಲು, ರಾಜ್ಯ ಸರ್ಕಾರಕ್ಕೆ 40 ಪಾಲು. ಆಯೋಜಕರು ಇದನ್ನು ಒಪ್ಪಲಿಲ್ಲ. ಅವರ ಮುಖ್ಯ ವಾದ ಗುತ್ತಿಗೆದಾರನದ್ದು. ಪೆಂಡಾಲು, ವಿದ್ಯುತ್ ಎಲ್ಲ ಅವನಿಗೆ ವಹಿಸಿದ್ದೆವು, ಅವನು ಸ್ವತಂತ್ರ ಗುತ್ತಿಗೆದಾರ, ಅವನ ತಪ್ಪು ನಮ್ಮ ತಲೆಗೆ ಬರುವುದಿಲ್ಲ ಎಂದರು. 2022ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿಗಳಾದ ಹೇಮಂತ್ ಗುಪ್ತಾ ಮತ್ತು ವಿ. ರಾಮಸುಬ್ರಮಣಿಯನ್ ಅವರ ಪೀಠ ಇದನ್ನು ತಳ್ಳಿಹಾಕಿತು. ಜನ ಬಂದಿದ್ದು ಆಯೋಜಕರು ಕರೆದರು ಅಂತ, ಗುತ್ತಿಗೆದಾರ ಕರೆದ ಅಂತ ಅಲ್ಲ. ಗುತ್ತಿಗೆದಾರ ಕೆಲಸ ಮಾಡಿದ್ದು ಆಯೋಜಕರಿಗಾಗಿ. ಬಂದವರಿಗೂ ಅವನಿಗೂ ಸಂಬಂಧವಿಲ್ಲ. ತೀರ್ಪಿನ ತಿರುಳು ಇದು. ಕೆಲಸವನ್ನು ಇನ್ನೊಬ್ಬರಿಗೆ ಕೊಡಬಹುದು. ಬಂದವರ ಬಗ್ಗೆ ಇರುವ ಎಚ್ಚರದ ಹೊಣೆ ಮಾತ್ರ ನಿಮ್ಮಲ್ಲೇ ಉಳಿಯುತ್ತದೆ. ಆಮೇಲೆ ಗುತ್ತಿಗೆದಾರನಿಂದ ನೀವು ವಸೂಲಿ ಮಾಡಿಕೊಳ್ಳಿ, ಅದು ನಿಮ್ಮಿಬ್ಬರ ನಡುವಿನ ವ್ಯವಹಾರ.

ಎರಡನೆಯ ಮಾತಿಗೆ, ಅಂದರೆ ಪೊಲೀಸರ ಕೆಲಸ ಅನ್ನುವುದಕ್ಕೆ, 60 ಮತ್ತು 40ರ ಹಂಚಿಕೆಯೇ ಉತ್ತರ. ಅಧಿಕಾರಿಗಳ ಅಜಾಗರೂಕತೆಗೆ ಸರ್ಕಾರ ತನ್ನ ಪಾಲು ಕೊಡಬೇಕು. ಹಾಗಂತ ಆಯೋಜಕರ ಪಾಲು ಸೊನ್ನೆಯಾಗುವುದಿಲ್ಲ, ಅದೇ ದೊಡ್ಡದು. ದೆಹಲಿಯ ಉಪಹಾರ್ ಚಿತ್ರಮಂದಿರದ ಪ್ರಕರಣ ಇನ್ನೂ ಕಟ್ಟುನಿಟ್ಟು. 1997ರಲ್ಲಿ ಅಲ್ಲಿ ಬೆಂಕಿ ಬಿದ್ದು 59 ಜನ ಸತ್ತರು. 2011ರಲ್ಲಿ ಸುಪ್ರೀಂ ಕೋರ್ಟು ಚಿತ್ರಮಂದಿರದವರಿಗೆ 85 ಪಾಲು, ವಿದ್ಯುತ್ ಮಂಡಳಿಗೆ 15 ಪಾಲು ಹೊರಿಸಿತು. ಪರವಾನಗಿ ಕೊಟ್ಟ ಪೊಲೀಸ್ ಅಧಿಕಾರಿಗಳನ್ನೂ ಮಹಾನಗರ ಪಾಲಿಕೆಯನ್ನೂ ಪರಿಹಾರದ ಹೊಣೆಯಿಂದ ಬಿಟ್ಟಿತು. ಆ ಕೊನೆಯ ಭಾಗ ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ. ಆದರೆ ಠಾಣೆಯಿಂದ ಬಂದ ಅನುಮತಿ ಪತ್ರವೇ ತಮ್ಮ ರಕ್ಷಣೆ ಅಂದುಕೊಂಡವರು ಇದನ್ನು ಗಮನಿಸಬೇಕು. ಅನುಮತಿ ಕೊಟ್ಟವರು ಪಾರಾದರು, ಪಡೆದವರು ಪಾರಾಗಲಿಲ್ಲ.

ಈಗ ಮೂರನೆಯ ಮಾತು. ‘ಜನ ಅಷ್ಟು ಬರುತ್ತಾರೆ ಅಂತ ಗೊತ್ತಿರಲಿಲ್ಲ.’ ಕಾನೂನಿನಲ್ಲಿ ಇದೇ ನಿಜವಾದ ಜಗಳ. ಊಹಿಸಬಹುದಾಗಿದ್ದ ಅಪಾಯಕ್ಕೆ ಮಾತ್ರ ಹೊಣೆ. ಹಾಗಾಗಿ ನೂಕುನುಗ್ಗಲು ಹೇಗೆ ಆಗುತ್ತದೆ ಅನ್ನುವುದು ಸ್ವಲ್ಪ ಗೊತ್ತಿರಬೇಕು.

ಜನ ಹುಚ್ಚೆದ್ದು ಓಡಿ ಒಬ್ಬರನ್ನೊಬ್ಬರು ತುಳಿದು ಸಾಯುತ್ತಾರೆ ಅನ್ನುವುದು ಸಾಮಾನ್ಯ ನಂಬಿಕೆ. ಬಹುತೇಕ ಸಾವು ಹಾಗೆ ಆಗುವುದಿಲ್ಲ. ಎದೆಯ ಮೇಲೆ ನಾಲ್ಕೂ ಕಡೆಯಿಂದ ಒತ್ತಡ ಬಿದ್ದು ಪಕ್ಕೆಲುಬು ಹಿಗ್ಗಲು ಜಾಗವಿಲ್ಲದೆ ಉಸಿರು ಕಟ್ಟುತ್ತದೆ. ನಿಂತಲ್ಲೇ ಸಾಯುವವರಿದ್ದಾರೆ. ಒಂದು ಚದರ ಮೀಟರ್ ಜಾಗದಲ್ಲಿ ನಾಲ್ಕು ಜನ ಇದ್ದರೆ ಇಕ್ಕಟ್ಟು, ಆದರೂ ಮೈ ತಿರುಗಿಸಬಹುದು. ಐದು ದಾಟಿದರೆ ಅಪಾಯ ಶುರು. ಆರೇಳು ಆದಾಗ ಮನುಷ್ಯ ತನ್ನ ಇಚ್ಛೆಯಂತೆ ಹೆಜ್ಜೆ ಇಡಲಾರ. ಗುಂಪೇ ಅವನನ್ನು ಅಲೆಯಂತೆ ಆಚೀಚೆ ಎಳೆಯುತ್ತದೆ. ಕೈ ಎತ್ತಿ ಮುಖ ಒರೆಸಿಕೊಳ್ಳಲೂ ಆಗುವುದಿಲ್ಲ. ಹಿಂದೆ ಇರುವವರಿಗೆ ಮುಂದಿನವರ ಕೂಗು ಕೇಳಿಸುವುದಿಲ್ಲ, ಸಾಲು ಹೋಗ್ತಾ ಇದೆ ಅಂದುಕೊಂಡು ಅವರು ಸುಮ್ನೆ ಒಂದೊಂದು ಹೆಜ್ಜೆ ಮುಂದೆ ಬರುತ್ತಿರುತ್ತಾರೆ. ಅವರು ಯಾರೂ ತಪ್ಪು ಮಾಡುತ್ತಿಲ್ಲ. ಇಡೀ ಗುಂಪನ್ನು ಮೇಲಿನಿಂದ ನೋಡಬಲ್ಲವರು ಆಯೋಜಕರು ಮತ್ತು ಪೊಲೀಸರು ಮಾತ್ರ. ಆಯೋಜಕರನ್ನು ಹೊಣೆ ಮಾಡುವುದಕ್ಕೆ ಇದಕ್ಕಿಂತ ಬಲವಾದ ಕಾರಣ ನನಗೆ ಕಾಣುವುದಿಲ್ಲ.

ಲೆಕ್ಕವೂ ಕಷ್ಟದ್ದಲ್ಲ. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಮಾರ್ಗದರ್ಶಿಯ ಪ್ರಕಾರ ಸಮತಟ್ಟು ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 82 ಜನ ದಾಟಬಹುದು, ಮೆಟ್ಟಿಲಿದ್ದರೆ 66. ನಿಮ್ಮ ದೇವಸ್ಥಾನದ ಹೊರಬಾಗಿಲು ಮೂರು ಮೀಟರ್ ಅಗಲ ಇದೆ ಅಂದುಕೊಳ್ಳಿ. ನಿಮಿಷಕ್ಕೆ 246 ಜನ. ತೇರು ಎಳೆದ ಮೇಲೆ ಹತ್ತು ಸಾವಿರ ಜನ ಅದೊಂದೇ ಬಾಗಿಲಿನಿಂದ ಹೊರಗೆ ಬರಬೇಕಾದರೆ ನಲವತ್ತು ನಿಮಿಷ. ಅದೂ ಯಾರೂ ನಿಲ್ಲದೆ, ಎದುರಿನಿಂದ ಯಾರೂ ಬರದೆ ಇದ್ದರೆ. ಅದೇ ಬಾಗಿಲ ಬಳಿ ಪ್ರಸಾದದ ಕೌಂಟರ್ ಇಟ್ಟರೆ? ಒಂದು ರೆಕ್ಕೆ ಮುಚ್ಚಿ ಚಪ್ಪಲಿ ಸ್ಟ್ಯಾಂಡ್ ಇಟ್ಟರೆ? ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಫೈಲಿನಲ್ಲಿ ಇಟ್ಟ ಸಮಿತಿ ಕೋರ್ಟಿನಲ್ಲಿ ಬೇರೆಯದೇ ಜಾಗದಲ್ಲಿ ನಿಲ್ಲುತ್ತದೆ. ಬರೆಯದೆ ಇದ್ದ ಸಮಿತಿಗೆ ‘ಗೊತ್ತಿರಲಿಲ್ಲ’ ಅನ್ನುವುದು ರಕ್ಷಣೆ ಆಗುವುದಿಲ್ಲ, ತಪ್ಪೊಪ್ಪಿಗೆ ಆಗುತ್ತದೆ.

ನಮ್ಮದೇ ಊರಿನ ಗಾಯ ಒಂದಿದೆ, ಅದನ್ನು ಬಿಟ್ಟು ಮಾತಾಡಲಾಗದು. 2025ರ ಜೂನ್ 4, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಐಪಿಎಲ್ ಗೆದ್ದ ಆರ್‌ಸಿಬಿ ತಂಡದ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಜನ ಸತ್ತರು, ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಸರ್ಕಾರ ಹೈಕೋರ್ಟಿಗೆ ಕೊಟ್ಟ ವರದಿಯಲ್ಲಿ ಹೇಳಿದ ಕ್ರಮ ಹೀಗಿದೆ. ಹಿಂದಿನ ದಿನ, ಫೈನಲ್ ಮುಗಿಯುವ ಮೊದಲೇ, ಕಬ್ಬನ್ ಪಾರ್ಕ್ ಠಾಣೆಗೆ ಒಂದು ಪತ್ರ ಹೋಗಿತ್ತು. ಅದು ಅನುಮತಿ ಕೇಳುವ ಅರ್ಜಿ ಆಗಿರಲಿಲ್ಲ, ಬರೀ ಮಾಹಿತಿ. ಮಾರನೆಯ ಬೆಳಿಗ್ಗೆ 7 ಗಂಟೆಯಿಂದಲೇ ತಂಡದ ಸಾಮಾಜಿಕ ಜಾಲತಾಣದ ಪೋಸ್ಟ್‌ಗಳು ಎಲ್ಲರನ್ನೂ ಸಂಭ್ರಮಕ್ಕೆ ಕರೆದವು. ಪಾಸ್ ಬೇಕು, ಒಳಗೆ ಜಾಗ ಸೀಮಿತ ಅನ್ನುವ ಮಾತು ಮೊದಲ ಸಲ ಬಂದಿದ್ದು ಮಧ್ಯಾಹ್ನ 3.14ಕ್ಕೆ. ಅಷ್ಟು ಹೊತ್ತಿಗೆ ಜನ ಬೀದಿಗೆ ಬಂದಾಗಿತ್ತು. ಕ್ರೀಡಾಂಗಣದಲ್ಲಿ ಸುಮಾರು 35 ಸಾವಿರ ಜನರಿಗೆ ಜಾಗ. ಬಂದವರು ಮೂರು ಲಕ್ಷಕ್ಕೂ ಹೆಚ್ಚು ಎನ್ನುತ್ತದೆ ವರದಿ. ಗೇಟುಗಳು ಸಮಯಕ್ಕೆ ತೆರೆಯಲಿಲ್ಲ.

ಅಮಾನತಾದ ಪೊಲೀಸ್ ಅಧಿಕಾರಿಯೊಬ್ಬರು ಕೇಂದ್ರ ಆಡಳಿತಾತ್ಮಕ ನ್ಯಾಯಮಂಡಳಿಗೆ ಹೋದರು. ಜುಲೈ 1ರಂದು ಮಂಡಳಿ, ಅಷ್ಟು ಜನ ಸೇರಲು ಮೇಲ್ನೋಟಕ್ಕೆ ಆರ್‌ಸಿಬಿಯೇ ಕಾರಣ ಎಂದಿತು. ಪೊಲೀಸರೂ ಮನುಷ್ಯರೇ, ದೇವರಲ್ಲ, ಮಾಂತ್ರಿಕರೂ ಅಲ್ಲ, ಇಷ್ಟು ಕಡಿಮೆ ಹೊತ್ತಿನಲ್ಲಿ ಎಲ್ಲ ವ್ಯವಸ್ಥೆ ಮಾಡಲಾಗದು ಎಂದಿತು. ಇದನ್ನು ಅಂತಿಮ ತೀರ್ಪು ಅಂತ ಓದಬಾರದು. ಅದು ಅಮಾನತಿನ ಜಗಳ. ತಮ್ಮನ್ನು ಕೇಳದೆಯೇ ಹೀಗೆ ಹೇಳಲಾಗಿದೆ ಎಂದು ಆರ್‌ಸಿಬಿ ಹೈಕೋರ್ಟಿಗೆ ಹೋಯಿತು. ಯಾರ ಪಾಲು ಎಷ್ಟು ಅನ್ನುವುದನ್ನು ಆ ಆದೇಶ ತೀರ್ಮಾನಿಸಲಿಲ್ಲ. ನಾನು ಇಲ್ಲಿ ನೋಡುವುದು ಸಾಕ್ಷ್ಯವನ್ನು. ಮೊದಲ ಪೋಸ್ಟ್ ಎಷ್ಟು ಗಂಟೆಗೆ, ಪಾಸ್ ಅಂತ ಹೇಳಿದ್ದು ಎಷ್ಟು ಗಂಟೆಗೆ, ಗೇಟ್ ತೆಗೆದದ್ದು ಎಷ್ಟು ಗಂಟೆಗೆ. ‘ಎಲ್ಲರೂ ಬನ್ನಿ, ಪ್ರವೇಶ ಉಚಿತ’ ಅಂತ ನಿಮ್ಮ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವ ಫ್ಲೆಕ್ಸಿನ ಫೋಟೊ ಕೂಡ ಇದೇ ಸಾಲಿಗೆ ಸೇರುತ್ತದೆ. ಪ್ರವೇಶ ಉಚಿತವಾದ ಮಾತ್ರಕ್ಕೆ ಹೊಣೆ ಹೋಗುವುದಿಲ್ಲ. ಉಚಿತ ಅಂದರೆ ಎಷ್ಟು ಜನ ಬರುತ್ತಾರೆ ಅನ್ನುವ ಲೆಕ್ಕವನ್ನು ನೀವೇ ಕೈಬಿಟ್ಟಿರಿ ಅಂತಲೇ ಆಗುತ್ತದೆ.

ಕ್ರಿಮಿನಲ್ ಕೇಸಿನ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, ಐದು ವರ್ಷದವರೆಗೆ ಜೈಲು. ಗಾಯವಾದರೆ 125. ಸಾಧಾರಣ ಗಾಯಕ್ಕೆ ಆರು ತಿಂಗಳವರೆಗೆ, ಮೂಳೆ ಮುರಿತದಂಥ ತೀವ್ರ ಗಾಯಕ್ಕೆ ಮೂರು ವರ್ಷದವರೆಗೆ. ಅಪಾಯ ಗೊತ್ತಿದ್ದೂ ಮುಂದುವರಿಸಿದರು ಅಂತ ಪೊಲೀಸರು ಭಾವಿಸಿದರೆ 105 ಹಾಕುತ್ತಾರೆ, ಅದು ಬಹಳ ಭಾರದ್ದು. ಕ್ರಿಮಿನಲ್ ಕೇಸು ಬಿದ್ದುಹೋದರೂ ಪರಿಹಾರದ ಕೇಸು ನಿಲ್ಲಬಹುದು, ಏಕೆಂದರೆ ಎರಡಕ್ಕೂ ಬೇಕಾದ ಪುರಾವೆಯ ಮಟ್ಟ ಬೇರೆ.

ಪರಿಹಾರದ ಲೆಕ್ಕ ಹೇಗೆ ಅಂತ ಒಂದು ಉದಾಹರಣೆ ಬಿಡಿಸೋಣ. ಇದು ನಾನು ಕಟ್ಟಿದ ಉದಾಹರಣೆ. 34 ವರ್ಷದ ಗಾರೆ ಮೇಸ್ತ್ರಿ, ತಿಂಗಳಿಗೆ 20 ಸಾವಿರ ದುಡಿಮೆ. ಜಾತ್ರೆಯ ಸಾಲಿನಲ್ಲಿ ಬ್ಯಾರಿಕೇಡ್ ಕುಸಿದು ಜನ ಮೇಲೆ ಬಿದ್ದರು, ಮಂಡಿ ಪುಡಿಯಾಯಿತು. ಮೀರತ್ ತೀರ್ಪಿನಲ್ಲಿ ಕೋರ್ಟು ಪರಿಹಾರವನ್ನು ಮೋಟಾರು ಅಪಘಾತದ ಕೇಸುಗಳ ತತ್ವದ ಮೇಲೆ ಲೆಕ್ಕ ಹಾಕಲು ಹೇಳಿತು. ಅದನ್ನೇ ಇಲ್ಲಿ ಹಾಕೋಣ. ವರ್ಷದ ದುಡಿಮೆ 2,40,000. ನಲವತ್ತರೊಳಗಿನ ಸ್ವಂತ ದುಡಿಮೆಯವರಿಗೆ ಮುಂದಿನ ಏರಿಕೆ ಅಂತ ಶೇ 40 ಸೇರಿಸುತ್ತಾರೆ. 3,36,000 ಆಯಿತು. ಇನ್ನು ಅಂಗವೈಕಲ್ಯ. ವೈದ್ಯರು ಕಾಲಿಗೆ ಶೇ 40 ಅಂತ ಬರೆದುಕೊಟ್ಟಿರಬಹುದು. ಕೋರ್ಟು ಅದನ್ನು ಹಾಗೇ ತೆಗೆದುಕೊಳ್ಳುವುದಿಲ್ಲ. ಈ ಕಾಲಿನಿಂದ ಇವರ ಕೆಲಸ ಎಷ್ಟು ಕೆಟ್ಟಿತು ಅಂತ ಕೇಳುತ್ತದೆ. ಕೂತು ಲೆಕ್ಕ ಬರೆಯುವವರಿಗೆ ಅದೇ ಕಾಲು ಅಷ್ಟಾಗಿ ಅಡ್ಡಿಯಾಗದು. ಸಾರುವೆ ಹತ್ತಬೇಕಾದ ಮೇಸ್ತ್ರಿಗೆ ದೊಡ್ಡ ಅಡ್ಡಿ. ಕೋರ್ಟು ದುಡಿಯುವ ಶಕ್ತಿಯ ನಷ್ಟ ಶೇ 25 ಅಂತ ಹಿಡಿಯಿತು ಅನ್ನೋಣ. ವರ್ಷಕ್ಕೆ 84,000. ಅವರ ವಯಸ್ಸಿಗೆ ಗುಣಕ 16. ಒಟ್ಟು 13,44,000. ಇದರ ಮೇಲೆ ಆಸ್ಪತ್ರೆ ಖರ್ಚು, ಮಲಗಿದ ತಿಂಗಳುಗಳ ಕೂಲಿ, ನೋವಿಗೆ ಒಂದಿಷ್ಟು. ಹದಿನೈದು, ಹದಿನೆಂಟು ಲಕ್ಷಕ್ಕೆ ಸುಲಭವಾಗಿ ಹೋಗುತ್ತದೆ. ಇದು ಒಬ್ಬರಿಗೆ. ಮೀರತ್‌ನಂತೆಯೇ ಹಂಚಿದರೆ 60 ಪಾಲು ಸಮಿತಿಯದು.

ಯಾವ ಸಮಿತಿ? ನಿಮ್ಮ ಸಂಘ ನೋಂದಣಿ ಆಗಿದೆಯಾ ಅನ್ನುವುದು ಇಲ್ಲಿ ಬರುತ್ತದೆ. ನೋಂದಣಿಯಾಗದ ಮಂಡಳಿಗೆ ಕಾನೂನಿನ ಕಣ್ಣಿನಲ್ಲಿ ತನ್ನದೇ ವ್ಯಕ್ತಿತ್ವ ಇಲ್ಲ. ಕೇಸು ನಡೆಯುವುದು ಅರ್ಜಿಗೆ ಸಹಿ ಹಾಕಿದ, ಚಂದಾ ಎತ್ತಿದ, ಕಾರ್ಯಕ್ರಮ ನಡೆಸಿದ ವ್ಯಕ್ತಿಗಳ ಮೇಲೆ. ಅಂದರೆ ನಿಮ್ಮ ಮನೆ, ನಿಮ್ಮ ಜಮೀನು. ಮುಜರಾಯಿ ದೇವಸ್ಥಾನವಾದರೆ ಸರ್ಕಾರವೇ ಒಳಗಿರುವುದರಿಂದ ಗಾಯಾಳು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ಖಾಸಗಿ ಸಂಘವಾದರೆ ಸಾಮಾನ್ಯವಾಗಿ ಸಿವಿಲ್ ದಾವೆ. ಟಿಕೆಟ್ ಇಟ್ಟು ನಡೆಸುವ ಸಂಗೀತ ಕಾರ್ಯಕ್ರಮವಾದರೆ ಟಿಕೆಟ್ ಕೊಂಡವರು ಗ್ರಾಹಕರು. ಅವರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 2019ರ ಕಾಯ್ದೆಯಲ್ಲಿ ಆಯೋಗದ ಮಿತಿಯನ್ನು ಕೇಳುವ ಪರಿಹಾರದ ಮೇಲೆ ನೋಡುವುದಿಲ್ಲ, ಕೊಟ್ಟ ಹಣದ ಮೇಲೆ ನೋಡುತ್ತಾರೆ. ಐನೂರು ರೂಪಾಯಿ ಟಿಕೆಟ್ ಕೊಂಡವರು ಇಪ್ಪತ್ತು ಲಕ್ಷ ಕೇಳಿದರೂ ತಮ್ಮ ಜಿಲ್ಲೆಯಲ್ಲೇ ಕೇಳಬಹುದು. ಗಾಯಾಳುಗಳ ಮಟ್ಟಿಗೆ ಇದು ಬಹಳ ಒಳ್ಳೆಯ ದಾರಿ, ಗೊತ್ತಿರುವವರು ಕಡಿಮೆ.

ಕಾರ್ಯಕ್ರಮಕ್ಕೆ ವಿಮೆ ಮಾಡಿಸಿದರೆ ಸಾಕಲ್ವಾ ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಮಾಡಿಸಿ, ಆದರೆ ಪಾಲಿಸಿಯ ಷರತ್ತು ಓದಿ. ಅನುಮತಿ ಪತ್ರದಲ್ಲಿ ಐದು ಸಾವಿರ ಅಂತಿದ್ದು ಹದಿನೈದು ಸಾವಿರ ಜನರನ್ನು ಒಳಗೆ ಬಿಟ್ಟರೆ ಕಂಪನಿ ಮೊದಲು ಹಿಡಿಯುವುದು ಅದನ್ನೇ. ಉತ್ತರ ಪ್ರದೇಶದ ಹಾಥರಸ್‌ನಲ್ಲಿ 2024ರ ಜುಲೈ 2ರಂದು ನಡೆದ ಸತ್ಸಂಗಕ್ಕೆ ಅನುಮತಿ ಇದ್ದಿದ್ದು 80 ಸಾವಿರ ಜನರಿಗೆ. ಸೇರಿದ್ದು ಎರಡೂವರೆ ಲಕ್ಷ ಅಂತ ಪೊಲೀಸರು ಎಫ್‌ಐಆರ್‌ನಲ್ಲೇ ಬರೆದರು. 121 ಜನ ಸತ್ತರು.

ಇನ್ನೊಬ್ಬರು, ಒಬ್ಬ ತಾಯಿ, ಕೇಳಿದ ಪ್ರಶ್ನೆಗೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ. ಗಾಯವಾದವರು ಏನು ಮಾಡಬೇಕು ಅಂತ ಕೇಳಿದರು. ನಾನು ನೋಡಿದ ಮಟ್ಟಿಗೆ ಇಂಥ ಕೇಸು ಸೋಲುವುದು ಕೋರ್ಟಿನಲ್ಲಲ್ಲ, ಆಸ್ಪತ್ರೆಯ ಕ್ಯಾಶುವಾಲಿಟಿಯಲ್ಲಿ. ಅವತ್ತು ನೂರಾರು ಜನ ಬಂದಿರುತ್ತಾರೆ. ಡ್ಯೂಟಿ ಡಾಕ್ಟರು ಅವಸರದಲ್ಲಿ ‘ಬಿದ್ದು ಗಾಯ’ ಅಂತ ಎರಡು ಪದ ಬರೆದು ಮುಂದೆ ಹೋಗುತ್ತಾರೆ. ಡಿಸ್ಚಾರ್ಜ್ ಸಮರಿಗೂ ಅದೇ ಇಳಿಯುತ್ತದೆ. ಎರಡು ವರ್ಷದ ನಂತರ ಎದುರು ವಕೀಲರು ಆ ಎರಡು ಪದ ಹಿಡಿದು, ಇವರು ಮನೆಯ ಮೆಟ್ಟಿಲಿನಿಂದ ಬಿದ್ದಿದ್ದಾರೆ ಸ್ವಾಮಿ ಅನ್ನುತ್ತಾರೆ. ಹಾಗಾಗಿ ಎಂಎಲ್‌ಸಿ, ಅಂದರೆ ಪೊಲೀಸರಿಗೂ ತಿಳಿಸುವ ಆಸ್ಪತ್ರೆಯ ಕಾನೂನು ದಾಖಲೆ, ಮಾಡಿಸಿ. ಯಾವ ದಿನ, ಯಾವ ಜಾತ್ರೆ ಅಥವಾ ಕಾರ್ಯಕ್ರಮ, ಎಷ್ಟು ಗಂಟೆಗೆ, ಯಾವ ಗೇಟಿನ ಬಳಿ ನೂಕುನುಗ್ಗಲು ಅನ್ನುವುದು ಅದರಲ್ಲಿ ಬರಲಿ. ಬಂದಿಲ್ಲದಿದ್ದರೆ ಡಿಸ್ಚಾರ್ಜ್‌ಗೆ ಮೊದಲೇ ಕೇಳಿ ಸರಿಪಡಿಸಿ. ಹೊರಗೆ ಗಾಯ ಕಾಣದಿದ್ದರೂ ಎದೆ ಒತ್ತಿದ್ದರೆ, ಕೈ ಜೋಮು ಹಿಡಿದಿದ್ದರೆ, ಮೂತ್ರ ಕಪ್ಪಗೆ ಬರುತ್ತಿದ್ದರೆ ತಕ್ಷಣ ಹೇಳಿ. ಮಾಂಸಖಂಡ ಜಜ್ಜಿದ್ದು ಒಂದೆರಡು ದಿನದಲ್ಲಿ ಮೂತ್ರಪಿಂಡಕ್ಕೆ ಹೊಡೆಯಬಹುದು. ಆ ಚಿಕಿತ್ಸೆಯೂ ಇದೇ ಘಟನೆಯ ಲೆಕ್ಕಕ್ಕೆ ಸೇರಬೇಕಾದರೆ ಮೊದಲ ದಿನದ ದಾಖಲೆಯಲ್ಲಿ ಅದರ ಸುಳಿವಿರಬೇಕು.

ಆಮೇಲೆ ಸಿಸಿಟಿವಿ. ಎಷ್ಟೋ ಕಡೆ ಕೆಲವೇ ವಾರಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಬಂದುಬಿಡುತ್ತದೆ. ಮೊದಲ ವಾರದಲ್ಲೇ ಠಾಣೆಗೂ ಆಯೋಜಕರಿಗೂ ದೃಶ್ಯ ಉಳಿಸಿಡಿ ಅಂತ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅನುಮತಿ ಪತ್ರ, ಅದರ ಷರತ್ತು, ಎಷ್ಟು ಜನ ಅಂತ ಬರೆದಿದ್ದರು ಅನ್ನುವುದೆಲ್ಲ ಮಾಹಿತಿ ಹಕ್ಕಿನಲ್ಲಿ ಸಿಗುತ್ತದೆ. ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬೇಕು. ಸಾವಾದರೆ ಮನೆಯವರ ದಾವೆಗೂ ಎರಡೇ ವರ್ಷ. ಗಾಯದ ಸಿವಿಲ್ ದಾವೆಗೆ ಮೂರು ವರ್ಷ ಅಂತ ಹಿಡಿಯುತ್ತಾರೆ, ಆದರೂ ಎರಡರೊಳಗೇ ಹಾಕಿ ಅನ್ನುವುದು ನನ್ನ ಸಲಹೆ. ತನಿಖೆ ಮುಗಿಯಲಿ, ಆಯೋಗದ ವರದಿ ಬರಲಿ ಅಂತ ಕಾಯುತ್ತಾ ಕೂತವರ ಅವಧಿ ಮುಗಿದುಹೋದದ್ದಿದೆ. ಮೀರತ್‌ನಲ್ಲಿ ಅದೇ ವರ್ಷ ಕೋರ್ಟಿಗೆ ಹೋದವರಿಗೂ ಹೊಣೆ ಯಾರದು ಅಂತ ತೀರ್ಮಾನವಾಗಲು 16 ವರ್ಷ ಹಿಡಿಯಿತು. ಒಬ್ಬೊಬ್ಬರಿಗೆ ಎಷ್ಟು ಅನ್ನುವ ಲೆಕ್ಕವನ್ನು ಅದಾದ ಮೇಲೆ ಜಿಲ್ಲಾ ಮಟ್ಟದ ನ್ಯಾಯಾಧಿಕಾರಿಯೊಬ್ಬರು ಶುರು ಮಾಡಬೇಕಾಯಿತು.

ಕೊನೆಯದಾಗಿ ಚೆಕ್ಕಿನ ವಿಚಾರ. ಘಟನೆಯಾದ ಮೂರನೆಯ ದಿನ ಸರ್ಕಾರ ಅಥವಾ ಆಯೋಜಕರು ಪರಿಹಾರ ಘೋಷಿಸುತ್ತಾರೆ. ಸತ್ತವರಿಗೆ ಹತ್ತೋ ಇಪ್ಪತ್ತೈದೋ ಲಕ್ಷ, ಗಾಯಗೊಂಡವರಿಗೆ ಅದರ ಚೂರುಪಾರು. ತೆಗೆದುಕೊಳ್ಳಿ, ಅದರಿಂದ ನಿಮ್ಮ ಹಕ್ಕು ಹೋಗುವುದಿಲ್ಲ. ಆದರೆ ಚೆಕ್ಕಿನ ಜೊತೆ ಒಂದು ಕಾಗದಕ್ಕೆ ಸಹಿ ಕೇಳಿದರೆ ನಿಲ್ಲಿ. ‘ಪೂರ್ತಿ ಮತ್ತು ಅಂತಿಮ ಇತ್ಯರ್ಥ’ ಅಂತ ಅದರಲ್ಲಿದ್ದರೆ ಸಹಿ ಹಾಕಬೇಡಿ. ಹಾಕಲೇಬೇಕಾದ ಸ್ಥಿತಿ ಬಂದರೆ ಸಹಿಯ ಮೇಲೆ ನಿಮ್ಮ ಕೈಯಿಂದಲೇ ‘ಮುಂದಿನ ಹಕ್ಕು ಕಾಯ್ದುಕೊಂಡು ಪಡೆದಿದ್ದೇನೆ’ ಅಂತ ಬರೆಯಿರಿ, ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ, ಆಮೇಲೆ ಕಾಗದ ವಾಪಸ್ ಕೊಡಿ.